ಆಷಾಢದಲ್ಲಿ ಪರ್ಸ್ ಮುಚ್ಚಿದೆವು

ಒಂದು ತಿಂಗಳು ಅನವಶ್ಯಕವಾದ ಒಂದು ರೂಪಾಯಿಯನ್ನೂ ಖರ್ಚು ಮಾಡಬಾರದು ಎಂದು ಹೊರಡುವವರಿಗೆ ನನ್ನ ಮೊದಲ ಸಲಹೆ: ಆಷಾಢವನ್ನೇ ಹಿಡಿಯಿರಿ. ಬೆಂಗಳೂರಿನ ಸೀರೆ ಅಂಗಡಿಗಳ ಮುಂದೆ ಆಷಾಢದ ರಿಯಾಯಿತಿ ಬ್ಯಾನರ್ ತೂಗುವುದು ನನಗೂ ಗೊತ್ತು. ಆದರೆ ಆ ತಿಂಗಳು ಮದುವೆ, ಮುಂಜಿ, ಗೃಹಪ್ರವೇಶ ಇರುವುದಿಲ್ಲ, ಮುಯ್ಯಿ ಕವರಿನ ಲೆಕ್ಕವಿಲ್ಲ. ಹಬ್ಬದ ಖರ್ಚಿನ ಮರೆಯಲ್ಲಿ ಅಡಗಿ ಕೂತ ದಿನದಿನದ ಖರ್ಚು ಆಗ ಬರಿಗಣ್ಣಿಗೆ ಕಾಣುತ್ತದೆ. 2025ರಲ್ಲಿ ಆಷಾಢ ಜೂನ್ 26ಕ್ಕೆ ಶುರುವಾಗಿ ಜುಲೈ 24ರ ಭೀಮನ ಅಮಾವಾಸ್ಯೆಗೆ ಮುಗಿಯಿತು. ಸಂಬಳದ ದಿನ ಸರಿಯಾಗಿ ಒಳಗೆ ಬಿತ್ತು. ಅದೂ ಬೇಕಿತ್ತು, ಯಾಕೆಂದರೆ ನಮ್ಮ ಮನೆಯಲ್ಲಿ ಕೈ ಸಡಿಲವಾಗುವುದು ಸಂಬಳ ಬಂದ ವಾರದಲ್ಲೇ.

ಬಾಡಿಗೆ, ಹಾಲು, ದಿನಸಿ, ತರಕಾರಿ, ಅತ್ತೆಯವರ ಔಷಧಿ, ಮಗಳ ಸ್ಕೂಲ್ ವ್ಯಾನ್, ಮೆಟ್ರೊ ಕಾರ್ಡ್: ಇಷ್ಟಕ್ಕೆ ಅನುಮತಿ. ಉಳಿದದ್ದಕ್ಕೆ ಇಲ್ಲ.

ಶುರು ಮಾಡುವ ಮೊದಲು ಹಿಂದಿನ ತಿಂಗಳ ಪಾಸ್‌ಬುಕ್ ಹರಡಿಕೊಂಡು ಕೂತೆ. ಅಲ್ಲಿ ನನ್ನ ಕಾಫಿಯೂ ಇರಲಿಲ್ಲ, ಆಟೊವೂ ಇರಲಿಲ್ಲ. ಇದ್ದದ್ದು ಯುಪಿಐ ಲೈಟ್ ಹೆಸರಿನಲ್ಲಿ ಐನೂರು, ಮತ್ತೆ ಐನೂರು, ಮತ್ತೆ ಐನೂರು. ಒಟ್ಟು ನಾಲ್ಕೂವರೆ ಸಾವಿರ. ಎಲ್ಲಿಗೆ ಹೋಯಿತೆಂದು ಒಂದಕ್ಷರವೂ ಇಲ್ಲ. ಬ್ಯಾಂಕಿಗೆ ಹೋಗಿ ವಿವರ ಕೇಳಿದರೆ ಕೌಂಟರಿನಲ್ಲಿದ್ದವರು ತಲೆ ಎತ್ತದೆ, "ಅದೆಲ್ಲ ನಿಮ್ಮ ಮೊಬೈಲ್‌ನಲ್ಲೇ ಇರುತ್ತೆ, ನೋಡ್ಕೊಳ್ಳಿ" ಅಂದರು. ಹೇಗೆ ಎಂದು ಹೇಳುವ ವ್ಯವಧಾನ ಅವರಿಗಿರಲಿಲ್ಲ. ನಾನು ಹೇಳುತ್ತೇನೆ. ಯುಪಿಐ ಲೈಟ್ ಎಂದರೆ ಸಣ್ಣ ಪಾವತಿಗೆಂದು ಖಾತೆಯಿಂದ ಮೊದಲೇ ತೆಗೆದು ಫೋನಿನಲ್ಲಿ ಇಟ್ಟ ಹಣ. ಕೊಡುವಾಗ ಪಿನ್ ಕೇಳುವುದಿಲ್ಲ. ಹಣ ತುಂಬಿಸಿದ್ದು ಮಾತ್ರ ಬ್ಯಾಂಕಿನ ಲೆಕ್ಕದಲ್ಲಿ ಬರುತ್ತದೆ, ಅಲ್ಲಿಂದ ಯಾರಿಗೆ ಎಷ್ಟು ಕೊಟ್ಟಿರಿ ಎನ್ನುವುದು ಆ್ಯಪ್‌ನ ಹಿಸ್ಟರಿಯಲ್ಲಿ ಮಾತ್ರ. ಸಾಲದ್ದಕ್ಕೆ ನನ್ನ ಫೋನಿನಲ್ಲಿ ಆಟೊ ಟಾಪ್-ಅಪ್ ಚಾಲೂ ಇತ್ತು. ಕಡಿಮೆಯಾದಂತೆ ತಾನೇ ತುಂಬಿಕೊಳ್ಳುತ್ತಿತ್ತು, ಹಾಗಾಗಿ ಮುಗಿಯಿತು ಅನ್ನುವ ಘಳಿಗೆಯೇ ಬರುತ್ತಿರಲಿಲ್ಲ. ಸೆಟ್ಟಿಂಗ್‌ಗೆ ಹೋಗಿ ಲೈಟ್ ಮುಚ್ಚಿದೆ, ಉಳಿದ ಹಣ ಖಾತೆಗೆ ವಾಪಸ್ ಬಂತು. ಅವತ್ತಿನಿಂದ ಹತ್ತು ರೂಪಾಯಿಗೂ ಪಿನ್ ಒತ್ತಬೇಕಾಯಿತು. ಅಷ್ಟರಿಂದಲೇ ಕೈ ಅರ್ಧ ಹಿಂದೆ ಸರಿಯಿತು.

ಆಟೊಪೇಯನ್ನೂ ಅವತ್ತೇ ನೋಡಿದೆ. ಮಗಳು ಎಂದೋ ಹಾಕಿಕೊಂಡು ಅಳಿಸಿದ್ದ ಒಂದು ಚಿತ್ರಕಲೆಯ ಆ್ಯಪ್ ತಿಂಗಳು ತಿಂಗಳು ದುಡ್ಡು ಎಳೆಯುತ್ತಲೇ ಇತ್ತು. ಆ್ಯಪ್ ಅಳಿಸಿದರೆ ಅನುಮತಿ ಅಳಿಯುವುದಿಲ್ಲ. ಪಾವತಿ ಆ್ಯಪ್‌ನ ಆಟೊಪೇ ಪಟ್ಟಿಗೇ ಹೋಗಿ ರದ್ದು ಮಾಡಬೇಕು. ಹಣ ಕಡಿತವಾಗುವ 24 ಗಂಟೆ ಮೊದಲು ಸಂದೇಶ ಬರಬೇಕೆಂಬ ನಿಯಮವಿದೆ, ಬರುತ್ತದೆ ಕೂಡ. ಲೋನ್ ಬೇಕಾ, ಪ್ಲಾಟ್ ಬೇಕಾ ಎನ್ನುವ ಮೆಸೇಜುಗಳ ನಡುವೆ ಅದನ್ನು ಓದುವವರು ಯಾರು?

ನಿಜವಾದ ಪಾಠ ಕಲಿಸಿದ್ದು ಮಗಳ ಹಳೇ ನೋಟ್‌ಬುಕ್ಕು. ಅದರಲ್ಲಿ ಖರ್ಚು ಬರೆಯಲಿಲ್ಲ, ಬರೆಯಲು ಖರ್ಚೇ ಇರಲಿಲ್ಲವಲ್ಲ. ಕೈ ಫೋನಿಗೆ ಹೋದಾಗಲೆಲ್ಲ ಎಷ್ಟು ಗಂಟೆ, ಎಲ್ಲಿದ್ದೆ, ಏನು ಬೇಕೆನಿಸಿತು ಎಂದು ಬರೆದೆ. ಎರಡನೇ ವಾರಕ್ಕೆ ಪುಟಗಳು ಒಂದನ್ನೊಂದು ನಕಲು ಮಾಡಿದಂತೆ ಕಾಣತೊಡಗಿದವು. ಸಂಜೆ ಐದೂವರೆ, ಆಫೀಸಿನ ಎದುರಿನ ದರ್ಶಿನಿ, ಕಾಫಿ ಮತ್ತು ವಡೆ. ಆರೂವರೆ, ಮೆಟ್ರೊ ಮೆಟ್ಟಿಲು, ಮನೆಗೆ ಆಟೊ. ರಾತ್ರಿ ಹತ್ತು, ಹಾಸಿಗೆ, ಹತ್ತು ನಿಮಿಷದಲ್ಲಿ ಮನೆಗೆ ತರುವ ಆ್ಯಪ್. ತಿಂಡಿ, ಓಡಾಟ, ಸಾಮಾನು ಎಂದು ಬಾಬತ್ತಿನ ಪ್ರಕಾರ ಲೆಕ್ಕ ಹಾಕಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ನನ್ನ ಖರ್ಚಿಗೆ ಗಂಟೆ ಇತ್ತು, ಜಾಗ ಇತ್ತು. ಹಸಿವು ಎಷ್ಟೋ ದಿನ ಇರಲೇ ಇಲ್ಲ.

ರಾತ್ರಿಯದು ಎಲ್ಲಕ್ಕಿಂತ ದುಬಾರಿ. ಬೆಳಗಿನ ಚಟ್ನಿಗೆ ಕೊತ್ತಂಬರಿ ಸೊಪ್ಪಿಲ್ಲ ಎಂದು ಆ್ಯಪ್ ತೆರೆಯುವುದು. ಸೊಪ್ಪೊಂದನ್ನೇ ತರಿಸಿದರೆ ಡೆಲಿವರಿ ಚಾರ್ಜು ಸೊಪ್ಪಿಗಿಂತ ಹೆಚ್ಚು. ಇನ್ನಿಷ್ಟು ರೂಪಾಯಿಯ ಸಾಮಾನು ಸೇರಿಸಿದರೆ ಡೆಲಿವರಿ ಉಚಿತ ಎನ್ನುತ್ತದೆ ಪರದೆ. ಸರಿ ಎಂದು ಬಿಸ್ಕತ್ತು, ಚಿಪ್ಸು, ಒಂದು ಚಾಕೊಲೇಟು. ಇಪ್ಪತ್ತು ರೂಪಾಯಿಯ ಸೊಪ್ಪಿಗೆಂದು ಹೋದವಳು ಇನ್ನೂರು ಕೊಟ್ಟು ಬರುತ್ತಿದ್ದೆ. ಆಷಾಢದಲ್ಲಿ ಸೊಪ್ಪಿಲ್ಲದ ದಿನ ಹುರಿಗಡಲೆ ಚಟ್ನಿ ಹಾಗೇ ಆಯಿತು, ಯಾರೂ ಕೇಳಲಿಲ್ಲ. ಆಟೊ ಬದಲು ಬಿಎಂಟಿಸಿ ಬಸ್ಸಿಗೆ ಕಾದೆ. ಶಕ್ತಿ ಯೋಜನೆ 2023ರ ಜೂನ್‌ನಲ್ಲೇ ಬಂದಿದ್ದರೂ ಮೆಟ್ರೊದಿಂದ ಮನೆಗಿರುವ ಮೂರು ಸ್ಟಾಪಿಗೆ ನಾನು ಅಲ್ಲಿಯವರೆಗೆ ಆಧಾರ್ ತೋರಿಸಿ ಉಚಿತ ಟಿಕೆಟ್ ತೆಗೆದುಕೊಂಡಿರಲೇ ಇಲ್ಲ. ಮಳೆ ಬಂದ ದಿನ ಕಷ್ಟವಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಇದಕ್ಕಿಂತ ಕಷ್ಟದ್ದು ಬೇರೆ ಇತ್ತು. ನಮ್ಮ ಮನೆಯವರ ಅಕ್ಕ ಪ್ರತಿ ಆಷಾಢಕ್ಕೂ ನನ್ನನ್ನು ಮಲ್ಲೇಶ್ವರದ ಸೀರೆ ಅಂಗಡಿಗೆ ಕರೆದೊಯ್ಯುತ್ತಾರೆ. ಈ ಸಲ ನಾನೇನೂ ತೆಗೆದುಕೊಳ್ಳುವುದಿಲ್ಲ ಎಂದು ಮೊದಲೇ ಫೋನಿನಲ್ಲಿ ಹೇಳಿದ್ದೆ. "ಬಾ ಸುಮ್ನೆ, ನೋಡೋಕೇನು ದುಡ್ಡಾ" ಅಂದರು. ಹೋದೆ. ಮೆತ್ತೆಯ ಮೇಲೆ ಕೂತ ಹುಡುಗ ಒಂದರ ಮೇಲೊಂದು ಬಿಚ್ಚಿ ಹಾಕಿದ. ಅವರು ತಮಗೆರಡು ಆರಿಸಿ, ನನ್ನ ಹೆಗಲಿಗೆ ಒಂದು ಹಸಿರು ಸೀರೆ ಹೊದಿಸಿದರು. "ಅತ್ತಿಗೆ, ಈ ತಿಂಗಳು ಬೇಡ, ಹೇಳಿದ್ದೆನಲ್ಲ" ಅಂದೆ. ಅವರು ಅಂಗಡಿಯವನಿಗೂ ಅಕ್ಕಪಕ್ಕದವರಿಗೂ ಕೇಳುವ ಹಾಗೆ, "ಅರ್ಧ ರೇಟಿಗೆ ಬರೋದನ್ನೂ ಬೇಡ ಅಂತೀಯಲ್ಲ, ಮನೇಲಿ ಏನಾದ್ರೂ ತೊಂದ್ರೆನಾ? ಸಾಲ ಗೀಲ?" ಅಂದರು. ಪಕ್ಕದಲ್ಲಿ ಕೂತಿದ್ದ ಹೆಂಗಸು ಕತ್ತು ತಿರುಗಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹುಡುಗ ಸೀರೆ ಮಡಿಸುವುದನ್ನು ನಿಲ್ಲಿಸಿದ. ನನ್ನ ಕೆನ್ನೆ ಸುಟ್ಟಂತಾಯಿತು. ಸಾವಿರದೆಂಟುನೂರು ಕೊಟ್ಟಿದ್ದರೆ ಆ ಕ್ಷಣ ಮುಗಿದು ಹೋಗುತ್ತಿತ್ತು. ಫೋನ್ ಕೈಯಲ್ಲೇ ಇತ್ತು. ನಾನು ಸೀರೆಯನ್ನು ಮಡಿಸಿ ಮೆತ್ತೆಯ ಮೇಲಿಟ್ಟು, "ಸಾಲ ಇಲ್ಲ ಅತ್ತಿಗೆ, ಸೀರೆ ಇದೆ ಮನೇಲಿ" ಎಂದಷ್ಟೇ ಹೇಳಿದೆ.

ಅಲ್ಲಿಗೆ ಬಿಡಲಿಲ್ಲ ಅವರು. ಭಾನುವಾರ ಹಾಸನದಿಂದ ಭಾವ ನಮ್ಮ ಮನೆಯವರಿಗೆ ಫೋನ್ ಮಾಡಿ, ದುಡ್ಡೇನಾದರೂ ಬೇಕಾಗಿತ್ತಾ ಎಂದು ಕೇಳಿದರು. ಅತ್ತೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಖರ್ಚು ಮಾಡದ ಹೆಣ್ಣನ್ನು ಕಂಡರೆ ಮನೆತನದ ಮರ್ಯಾದೆ ಹೋಯಿತೆಂದು ಕೂಗುವವರಿಗೆ, ಖರ್ಚು ಮಾಡಿ ಮಾಡಿ ತಿಂಗಳ ಕೊನೆಗೆ ಕ್ರೆಡಿಟ್ ಕಾರ್ಡ್ ಉಜ್ಜುವವರು ಮಾತ್ರ ಅನುಕೂಲಸ್ಥರಾಗಿ ಕಾಣುತ್ತಾರೆ. ಅತ್ತಿಗೆಯ ಆ ಮಾತನ್ನು ನಾನು ಇನ್ನೂ ಕ್ಷಮಿಸಿಲ್ಲ. ನೀವು ಶುರು ಮಾಡುವುದಾದರೆ ಮನೆಯ ಹಿರಿಯರನ್ನೆಲ್ಲ ಕೂರಿಸಿ ಮೊದಲೇ ವಿಷಯ ತಿಳಿಸಿ, ಗುಟ್ಟು ಮಾಡಬೇಡಿ.

ಲೆಕ್ಕ ಹೇಳುತ್ತೇನೆ. ಪಟ್ಟಿಯಲ್ಲಿಲ್ಲದ ಖರ್ಚು ನಮಗೆ ಸಾಮಾನ್ಯವಾಗಿ ತಿಂಗಳಿಗೆ 11,400 ಆಗುತ್ತಿತ್ತು. ಆಷಾಢದಲ್ಲಿ ಆದದ್ದು 900: ಕುಕ್ಕರಿನ ಗ್ಯಾಸ್ಕೆಟ್, ಗೀಸರ್ ರಿಪೇರಿ, ಚಪ್ಪಲಿಗೆ ಹೊಲಿಗೆ. ಹಾಗೆಂದು ಹತ್ತೂವರೆ ಸಾವಿರ ಉಳಿಯಿತು ಎಂದರೆ ಸುಳ್ಳಾಗುತ್ತದೆ. ಮುಂದೂಡಿದ ಖರ್ಚು ಎಲ್ಲೂ ಓಡಿಹೋಗುವುದಿಲ್ಲ. ಹೊಲಿದ ಚಪ್ಪಲಿ ಶ್ರಾವಣದ ಮೊದಲ ವಾರದಲ್ಲೇ ಮತ್ತೆ ಕಿತ್ತಿತು, ಹೊಸದು ತಂದೆ. ಮಗಳಿಗೆ ರೇನ್‌ಕೋಟು, ಅತ್ತೆಗೆ ಕನ್ನಡಕದ ಫ್ರೇಮು, ಎಲ್ಲ ಸೇರಿ 3,100. ಅದನ್ನು ಕಳೆದರೆ ನಿಜವಾಗಿ ಉಳಿದದ್ದು 7,400. ಮುಂದಿನ ತಿಂಗಳನ್ನು ಸೇರಿಸದೆ ಉಳಿತಾಯ ಹೇಳುವವರ ಮಾತು ನಂಬಬೇಡಿ. ವರಮಹಾಲಕ್ಷ್ಮಿ ಹಬ್ಬದ ಖರ್ಚನ್ನು ನಾನು ಇದರಲ್ಲಿ ಸೇರಿಸಿಲ್ಲ, ಅದು ಪ್ರತಿ ವರ್ಷ ಇದ್ದದ್ದೇ.

ಆ 7,400ರಲ್ಲಿ ಮುಕ್ಕಾಲು ಪಾಲು ಆ ಮೂರು ಹೊತ್ತಿನದೇ. ಸಂಜೆಯ ಕಾಫಿಯನ್ನು ಈಗ ಮತ್ತೆ ಕುಡಿಯುತ್ತೇನೆ, ವಾರಕ್ಕೊಮ್ಮೆ ಗೆಳತಿಯ ಜೊತೆ ನಿಂತು, ಪರ್ಸಿನಿಂದ ನೋಟು ತೆಗೆದುಕೊಟ್ಟು. ರಾತ್ರಿಯ ಆ್ಯಪನ್ನು ವಾಪಸ್ ಹಾಕಿಕೊಂಡಿಲ್ಲ. ಯುಪಿಐ ಲೈಟ್ ಮುಚ್ಚಿಯೇ ಇದೆ.