ಮಿತಿಯೊಳಗಿದೆ ಎಂದ ಮಾತ್ರಕ್ಕೆ ಮಾಫಿಯಲ್ಲ

ತಮ್ಮಾ, ಮೊನ್ನೆ ಫೋನಿನಲ್ಲಿ ನೀನು ಬಹಳ ನಿರಾಳವಾಗಿ ಮಾತಾಡಿದೆ. ‘ಗ್ರಾಚ್ಯುಟಿಗೂ 25 ಲಕ್ಷ, ರಜೆ ಹಣಕ್ಕೂ 25 ಲಕ್ಷದವರೆಗೆ ತೆರಿಗೆ ಇಲ್ಲವಂತೆ ಅಣ್ಣ, ನನ್ನದೆರಡೂ ಅದರೊಳಗೇ ಇವೆ’ ಅಂದೆ. ನಾನು ಆಗಲೇ ಏನೂ ಹೇಳಲಿಲ್ಲ. ನೀನು ಕಳಿಸಿದ ಸೆಟಲ್‌ಮೆಂಟ್ ಪಟ್ಟಿ ಮತ್ತು ಫಾರಂ 16 ಎರಡನ್ನೂ ಎದುರಿಗಿಟ್ಟುಕೊಂಡು ಲೆಕ್ಕ ಹಾಕಿದ ಮೇಲೆ ಬರೆಯುತ್ತಿದ್ದೇನೆ. ಮೂವತ್ತು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ಕೂತವನ ಚಾಳಿ ಅಂದುಕೋ. ರಿಟರ್ನ್ ಸಲ್ಲಿಸುವ ಮೊದಲು ಇದನ್ನು ಓದಿಬಿಡು.

ಮೊದಲು ಆ ಎರಡು ಇಪ್ಪತ್ತೈದು ಲಕ್ಷಗಳ ಕಥೆ. ಕೇಂದ್ರ ಸರ್ಕಾರಿ ನೌಕರರಿಗೆ ಕೊಡುವ ಗ್ರಾಚ್ಯುಟಿಯ ಗರಿಷ್ಠ ಮೊತ್ತ 2024ರ ಜನವರಿ 1ರಿಂದ 20 ಲಕ್ಷದಿಂದ 25 ಲಕ್ಷಕ್ಕೆ ಏರಿತು. ತುಟ್ಟಿಭತ್ಯೆ ಶೇಕಡಾ 50 ಮುಟ್ಟಿದ್ದರಿಂದ ಆದ ಏರಿಕೆ ಅದು, ಅವರಿಗಷ್ಟೇ. ನಿನ್ನಂಥ ಕಾರ್ಖಾನೆ ನೌಕರನ ಗ್ರಾಚ್ಯುಟಿಗೆ ತೆರಿಗೆ ವಿನಾಯಿತಿಯ ಮಿತಿ 2018ರ ಮಾರ್ಚ್ 29ರಿಂದ 20 ಲಕ್ಷ, ಇವತ್ತಿಗೂ ಅಷ್ಟೇ. ಇನ್ನೊಂದು 25 ಲಕ್ಷ ನಿಜವಾಗಿ ನಿನ್ನಂಥವರದೇ, ಆದರೆ ಅದು ರಜೆ ಹಣಕ್ಕೆ. 2002ರಿಂದ ಬರೀ 3 ಲಕ್ಷದಲ್ಲೇ ನಿಂತಿದ್ದ ಆ ಮಿತಿಯನ್ನು 2023ರ ಏಪ್ರಿಲ್ 1ರಿಂದ 25 ಲಕ್ಷಕ್ಕೆ ಏರಿಸಿದರು. ಎರಡು ಸುದ್ದಿ ವರ್ಷದ ಅಂತರದಲ್ಲಿ ಬಂದವು, ಮೊತ್ತವೂ ಒಂದೇ. ಜನ ಎರಡನ್ನೂ ಒಂದೇ ಗಂಟಿಗೆ ಕಟ್ಟಿಬಿಟ್ಟರು.

ನಿನ್ನ ಮನೆಯವಳ ವಿಷಯ ಇದರಲ್ಲಿ ಬೆರೆಸಬೇಡ. ಅವಳು ರಾಜ್ಯ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ. ನಿವೃತ್ತಿಯಾದಾಗ ಸರ್ಕಾರ ಅವಳಿಗೆ ಕೊಡುವ ಗ್ರಾಚ್ಯುಟಿಗೂ ಗಳಿಕೆ ರಜೆ ನಗದೀಕರಣಕ್ಕೂ ತೆರಿಗೆಯೇ ಇಲ್ಲ, ಲೆಕ್ಕ ಹಾಕುವ ಪ್ರಮೇಯವೂ ಇಲ್ಲ. ನಿಗಮ, ಬ್ಯಾಂಕು, ಸಾರ್ವಜನಿಕ ಉದ್ದಿಮೆಗಳವರು ‘ನಾವೂ ಸರ್ಕಾರದವರೇ’ ಅಂದುಕೊಳ್ಳುವುದುಂಟು. ರಜೆ ಹಣದ ಲೆಕ್ಕದಲ್ಲಿ ಅವರು ನಿನ್ನ ಸಾಲಿನಲ್ಲೇ ನಿಲ್ಲಬೇಕು.

ಈಗ ನಿನ್ನ ಗ್ರಾಚ್ಯುಟಿ. 1994ರ ಮಾರ್ಚ್‌ನಲ್ಲಿ ಸೇರಿದೆ, 2025ರ ಸೆಪ್ಟೆಂಬರ್ 30ಕ್ಕೆ ನಿವೃತ್ತನಾದೆ. ಒಟ್ಟು ಸೇವೆ 31 ವರ್ಷ 7 ತಿಂಗಳು. ಗ್ರಾಚ್ಯುಟಿ ಕಾಯ್ದೆಯ ವ್ಯಾಪ್ತಿಗೆ ಬರುವ ಕಂಪನಿಯಾದ್ದರಿಂದ ಆರು ತಿಂಗಳು ಮೀರಿದ ಚಿಲ್ಲರೆ ಒಂದು ಪೂರ್ತಿ ವರ್ಷವಾಗುತ್ತದೆ, ಹಾಗಾಗಿ 32. ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 1,30,000. ಮನೆಬಾಡಿಗೆ ಭತ್ಯೆ, ಬೋನಸ್ಸು, ಓವರ್‌ಟೈಮು ಇಲ್ಲಿ ಲೆಕ್ಕಕ್ಕಿಲ್ಲ. ಭಾನುವಾರ ಬಿಟ್ಟು ತಿಂಗಳಿಗೆ 26 ದಿನ ಎಂದು ಹಿಡಿದು, ವರ್ಷಕ್ಕೆ 15 ದಿನದ ಸಂಬಳ. 1,30,000ವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 75,000. ಅದು 32 ವರ್ಷಕ್ಕೆ 24 ಲಕ್ಷ.

ಕಾಯ್ದೆಯ ಪ್ರಕಾರ ಕಂಪನಿ ಕೊಡಲೇಬೇಕಾದದ್ದು 20 ಲಕ್ಷವಷ್ಟೇ. ನಿಮ್ಮ ಯೂನಿಯನ್ ಮಾಡಿಕೊಂಡ ಒಪ್ಪಂದದಲ್ಲಿ ಮಿತಿ ಇಲ್ಲದ್ದರಿಂದ ಪೂರ್ತಿ 24 ಲಕ್ಷ ಕೈಗೆ ಬಂತು, ಸಂತೋಷ. ಆದರೆ ತೆರಿಗೆಯವರು ನೋಡುವುದು ಮೂರು ಮೊತ್ತ: ಕೈಗೆ ಬಂದದ್ದು, ಸೂತ್ರದಿಂದ ಬಂದದ್ದು, 20 ಲಕ್ಷ. ಇವುಗಳಲ್ಲಿ ಯಾವುದು ಕಡಿಮೆಯೋ ಅದಕ್ಕೇ ವಿನಾಯಿತಿ. ನಿನಗೆ 20 ಲಕ್ಷ ಮಾಫಿ, 4 ಲಕ್ಷಕ್ಕೆ ತೆರಿಗೆ. ಇದನ್ನು ಕಂಪನಿಯವರು ಸರಿಯಾಗಿಯೇ ತೋರಿಸಿದ್ದಾರೆ.

ನಿನಗೆ ಹಿಂದಿನ ನೌಕರಿ ಇರಲಿಲ್ಲವಾದ್ದರಿಂದ ಒಂದು ತೊಡಕು ತಪ್ಪಿತು. ಆ 20 ಲಕ್ಷ ಒಬ್ಬ ಮನುಷ್ಯನ ಇಡೀ ಜೀವಮಾನಕ್ಕೆ. ಹಿಂದಿನ ಕಂಪನಿ ಬಿಟ್ಟಾಗ ಗ್ರಾಚ್ಯುಟಿಗೆ 5 ಲಕ್ಷ ವಿನಾಯಿತಿ ಪಡೆದಿದ್ದವರಿಗೆ ಈಗ ಉಳಿಯುವುದು 15 ಲಕ್ಷ. ರಜೆ ಹಣದ 25 ಲಕ್ಷವೂ ಹಾಗೆಯೇ. ಎರಡು ಮೂರು ಕಡೆ ದುಡಿದು ಬಂದ ನಿನ್ನ ಗೆಳೆಯರಿಗೆ ಇದನ್ನು ಹೇಳು. ಹೊಸ ಕಂಪನಿಗೆ ಹಳೆಯ ವಿಷಯ ತಾನಾಗಿ ಗೊತ್ತಾಗುವುದಿಲ್ಲ.

ತಕರಾರು ಇರುವುದು ರಜೆ ಹಣದಲ್ಲಿ. ನಿನ್ನ ಖಾತೆಯಲ್ಲಿ 300 ದಿನದ ಗಳಿಕೆ ರಜೆ ಉಳಿದಿತ್ತು. ಕೊನೆಯ ಸಂಬಳದ ದರದಲ್ಲಿ, ಹತ್ತು ತಿಂಗಳಿಗೆ, 13 ಲಕ್ಷ ಕೊಟ್ಟಿದ್ದಾರೆ. ಮಿತಿ 25 ಲಕ್ಷ, ಕೊಟ್ಟದ್ದು 13 ಲಕ್ಷ, ಹಾಗಾದರೆ ಪೂರ್ತಿ ಮಾಫಿ ಎಂದು ಫಾರಂ 16ರ 10(10AA) ಸಾಲಿನಲ್ಲಿ ಹಾಕಿಬಿಟ್ಟಿದ್ದಾರೆ. ಅಲ್ಲೇ ಎಡವಟ್ಟಾಗಿರುವುದು. ಇಲ್ಲಿ ಹೋಲಿಸಬೇಕಾದ್ದು ನಾಲ್ಕು ಮೊತ್ತ, ಅವರು ನೋಡಿದ್ದು ಎರಡನ್ನೇ.

ಬಿಟ್ಟುಹೋದ ಮೊದಲನೆಯದು ಹತ್ತು ತಿಂಗಳ ಸರಾಸರಿ ಸಂಬಳ. ನಿವೃತ್ತಿಗೆ ಹಿಂದಿನ ಹತ್ತು ತಿಂಗಳೆಂದರೆ 2024ರ ಡಿಸೆಂಬರ್‌ನಿಂದ 2025ರ ಸೆಪ್ಟೆಂಬರ್‌ವರೆಗೆ. ನಿನ್ನ ಇನ್‌ಕ್ರಿಮೆಂಟ್ ಬಂದದ್ದು ಏಪ್ರಿಲ್‌ನಲ್ಲಿ. ಅದಕ್ಕೆ ಮೊದಲಿನ ನಾಲ್ಕು ತಿಂಗಳು 1,20,000, ಆಮೇಲಿನ ಆರು ತಿಂಗಳು 1,30,000. ಸರಾಸರಿ 1,26,000. ಹತ್ತು ತಿಂಗಳಿಗೆ 12,60,000. ಇಷ್ಟರಲ್ಲೇ 40 ಸಾವಿರ ಹೊರಗುಳಿಯಿತು.

ಎರಡನೆಯದೇ ನಿನ್ನನ್ನು ನಿಜವಾಗಿ ಕಾಡುವುದು. ಕಂಪನಿ ವರ್ಷಕ್ಕೆ ಎಷ್ಟೇ ಗಳಿಕೆ ರಜೆ ಕೊಡಲಿ, ವಿನಾಯಿತಿಯ ಲೆಕ್ಕಕ್ಕೆ ಸೇವೆಯ ಪ್ರತಿ ವರ್ಷಕ್ಕೆ 30 ದಿನ ಮಾತ್ರ. ನಿಮ್ಮಲ್ಲಿ ಕೊಡುತ್ತಿದ್ದದ್ದು 33. ಗ್ರಾಚ್ಯುಟಿಯಲ್ಲಿ ಏಳು ತಿಂಗಳ ಚಿಲ್ಲರೆ ವರ್ಷವಾಯಿತು, ಇಲ್ಲಿ ಆಗುವುದಿಲ್ಲ. ಪೂರ್ತಿಯಾದ 31 ವರ್ಷವಷ್ಟೇ. ಕಂಪನಿಯ ಲೆಕ್ಕದಲ್ಲಿ ನೀನು ಗಳಿಸಿದ್ದು 31ಕ್ಕೆ 33ರಂತೆ 1,023 ದಿನ. ಅದರಲ್ಲಿ ತೆಗೆದುಕೊಂಡ ರಜೆ ಮತ್ತು ಮಧ್ಯೆ ಮಧ್ಯೆ ಹಣ ಮಾಡಿಕೊಂಡ ರಜೆ ಸೇರಿ 723, ಉಳಿದದ್ದು 300. ತೆರಿಗೆಯ ಲೆಕ್ಕದಲ್ಲಿ ನೀನು ಗಳಿಸಿದ್ದು 31ಕ್ಕೆ 30ರಂತೆ 930 ದಿನ. ಅದರಲ್ಲಿ ಅದೇ 723 ಕಳೆ, ಉಳಿಯುವುದು 207.

ಗಮನಿಸು, 300ರಲ್ಲಿ ಹತ್ತನೇ ಒಂದು ಭಾಗ ಕಡಿತ ಮಾಡಿ 270 ಅನ್ನುವಂತಿಲ್ಲ. ಮೂವತ್ತೊಂದು ವರ್ಷದ ಮೂರು ಮೂರು ದಿನಗಳೆಲ್ಲ ಕೂಡಿ, ಆ 93 ದಿನವೂ ಕೊನೆಯಲ್ಲಿ ಉಳಿದ ರಜೆಯ ಮೇಲೇ ಬೀಳುತ್ತದೆ. ಚೆನ್ನಾಗಿ ರಜೆ ಕೊಡುವ ಕಂಪನಿಯಲ್ಲಿ, ರಜೆಯನ್ನೂ ಚೆನ್ನಾಗಿ ಬಳಸಿಕೊಂಡವನಿಗೆ ಪೆಟ್ಟು ಜಾಸ್ತಿ. ವರ್ಷಕ್ಕೆ 30 ದಿನವೋ ಅದಕ್ಕಿಂತ ಕಡಿಮೆಯೋ ಕೊಡುವ ಕಡೆ ದುಡಿದವರಿಗೆ ಈ ಗೋಜಿಲ್ಲ.

207 ದಿನವೆಂದರೆ 6.9 ತಿಂಗಳು. 1,26,000ರಂತೆ 8,69,400. ಈಗ ನಾಲ್ಕೂ ಮೊತ್ತ ಎದುರಿಗಿವೆ: ಕೈಗೆ ಬಂದ 13 ಲಕ್ಷ, ಸರಾಸರಿಯ 12,60,000, ರಜೆಯ 8,69,400, ಮಿತಿಯ 25 ಲಕ್ಷ. ಕಡಿಮೆಯದು 8,69,400. ಅಷ್ಟಕ್ಕೇ ವಿನಾಯಿತಿ. ಉಳಿದ 4,30,600 ಸಂಬಳದಂತೆ ತೆರಿಗೆಗೆ ಸೇರುತ್ತದೆ. 25 ಲಕ್ಷದ ಮಿತಿ ನಿನ್ನ ಹತ್ತಿರವೂ ಸುಳಿಯಲಿಲ್ಲ. ಹತ್ತು ತಿಂಗಳ ಸರಾಸರಿಯೇ 25 ಲಕ್ಷ ದಾಟಬೇಕಾದರೆ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ಎರಡೂವರೆ ಲಕ್ಷ ಮೀರಬೇಕು. ಪತ್ರಿಕೆಯ ತಲೆಬರಹ ಅಂಥವರಿಗೆ ಬರೆದದ್ದು.

ಕೈ ಬಿಡುವ ಹಣ ಎಷ್ಟು ಅಂತ ಕೇಳುತ್ತೀಯ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ನಿನ್ನ ಒಟ್ಟು ಸಂಬಳ 9,60,000. ಹೊಸ ತೆರಿಗೆ ಪದ್ಧತಿಯಲ್ಲಿ 75,000 ಸ್ಟಾಂಡರ್ಡ್ ಡಿಡಕ್ಷನ್ ಕಳೆದರೆ 8,85,000. ಇಷ್ಟೇ ಇದ್ದಿದ್ದರೆ 12 ಲಕ್ಷದೊಳಗಿನ ರಿಯಾಯಿತಿಯಲ್ಲಿ ತೆರಿಗೆ ಸೊನ್ನೆ. ಗ್ರಾಚ್ಯುಟಿಯ 4 ಲಕ್ಷ ಸೇರಿ 12,85,000 ಆಯಿತೆಂದು ಕಂಪನಿ 75,660 ಹಿಡಿದಿದೆ. ರಜೆಯ 4,30,600 ಸೇರಿಸಿದರೆ ಆದಾಯ 17,15,600, ತೆರಿಗೆ ಸೆಸ್ ಸಹಿತ ಸುಮಾರು 1,48,800. ಅಂದರೆ ಇನ್ನೂ 73 ಸಾವಿರದಷ್ಟು ಬಾಕಿ. ಬ್ಯಾಂಕ್ ಬಡ್ಡಿ, ಪಿಂಚಣಿ ನಾನು ಸೇರಿಸಿಲ್ಲ, ಅದನ್ನು ನೀನೇ ನೋಡಿಕೋ. ಹಳೆಯ ಪದ್ಧತಿಗೆ ಹೋದರೂ ಈ ಎರಡು ವಿನಾಯಿತಿಗಳ ಲೆಕ್ಕ ಬದಲಾಗುವುದಿಲ್ಲ.

‘ಕಂಪನಿಯೇ ಫಾರಂ 16ರಲ್ಲಿ ಹಾಗೆ ಕೊಟ್ಟ ಮೇಲೆ ನನ್ನದೇನು ತಪ್ಪು’ ಅನ್ನಬೇಡ. ರಿಟರ್ನ್ ನಿನ್ನ ಹೆಸರಿನದು, ಬಾಕಿಯೂ ನಿನ್ನದೇ. ಮೊದಲು ಕಂಪನಿಗೆ ಪತ್ರ ಬರೆದು ಫಾರಂ ತಿದ್ದಿಕೊಡಲು ಕೇಳು. ತಿದ್ದದಿದ್ದರೆ ರಿಟರ್ನ್‌ನಲ್ಲಿ 10(10AA) ಎದುರು 8,69,400 ಎಂದೇ ಹಾಕಿ, ವ್ಯತ್ಯಾಸದ ತೆರಿಗೆ ಕಟ್ಟಿ ಸಲ್ಲಿಸು. ವರ್ಷದೊಳಗೇ ನಿನಗೆ 60 ತುಂಬಿದೆ, ವ್ಯಾಪಾರದ ಆದಾಯವೂ ಇಲ್ಲ. ಹಾಗಾಗಿ ಮುಂಗಡ ತೆರಿಗೆ ಕಟ್ಟಲಿಲ್ಲವೆಂಬ ಬಡ್ಡಿ ನಿನಗೆ ತಾಗದು. ಆದರೆ ಸಲ್ಲಿಸುವ ಗಡುವು ದಾಟಿದರೆ ಬಡ್ಡಿ ಬಂದೇ ಬರುತ್ತದೆ.

ಫಾರಂ 10E ಹಾಕಿ ಸೆಕ್ಷನ್ 89ರ ಪರಿಹಾರ ತೆಗೆದುಕೋ ಎಂದು ಯಾರೋ ಹೇಳಿದರಂತೆ. ಗ್ರಾಚ್ಯುಟಿಯ ತೆರಿಗೆ ಬೀಳುವ ಭಾಗಕ್ಕೆ ಅದು ಇದೆ, ಸುಳ್ಳಲ್ಲ. ಹದಿನೈದು ವರ್ಷ ಮೀರಿದ ಸೇವೆಗೆ ಆ 4 ಲಕ್ಷವನ್ನು ಹಿಂದಿನ ಮೂರು ವರ್ಷಗಳಿಗೆ ಮೂರು ಪಾಲು ಹಂಚಿ, ಆ ವರ್ಷಗಳ ಸರಾಸರಿ ದರ ಈ ವರ್ಷದ್ದಕ್ಕಿಂತ ಕಡಿಮೆಯಿದ್ದರೆ ಅಷ್ಟು ಪರಿಹಾರ. ನಿನಗೆ ಆ ಮೂರೂ ವರ್ಷ ಹನ್ನೆರಡು ತಿಂಗಳ ಪೂರ್ತಿ ಸಂಬಳ ಬಂದಿದೆ, ದರ ಇವತ್ತಿನದ್ದಕ್ಕಿಂತ ಕೆಳಗಿರುವ ಸಂಭವ ಕಡಿಮೆ. ಹಿಂದಿನ ಮೂರು ರಿಟರ್ನ್ ತೆಗೆದು ಒಮ್ಮೆ ನೋಡು. ಉಪಯೋಗ ಕಂಡರೆ ಮಾತ್ರ, ರಿಟರ್ನ್‌ಗಿಂತ ಮುಂಚೆ ಆ ಫಾರಂ ಹಾಕು. ಇಲ್ಲದಿದ್ದರೆ ಅದಕ್ಕೆಂದು ಯಾರಿಗೂ ಫೀಸು ಕೊಡಬೇಡ.

ಇನ್ನು ಈ ವರ್ಷ ನಿವೃತ್ತರಾಗುವ ನಿನ್ನ ಶಿಫ್ಟಿನವರು ಕೇಳಿದರೆ ಹೇಳಬೇಕಾದ್ದಿಷ್ಟು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ ಸೆಕ್ಷನ್ ಸಂಖ್ಯೆಗಳು ಬೇರೆ. 2025ರ ನವೆಂಬರ್ 21ರಿಂದ ಕಾರ್ಮಿಕ ಸಂಹಿತೆಗಳೂ ಜಾರಿಗೆ ಬಂದಿವೆ. ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ ಭಾಗ ವೇತನವೆಂದೇ ಎಣಿಕೆಯಾಗುತ್ತದೆ. ಮೂಲ ವೇತನ ಕಡಿಮೆ, ಭತ್ಯೆ ಜಾಸ್ತಿ ಇಟ್ಟುಕೊಂಡ ಕಂಪನಿಗಳಲ್ಲಿ ಇದರಿಂದ ಗ್ರಾಚ್ಯುಟಿ ಏರುತ್ತದೆ. ನಿನ್ನ ಲೆಕ್ಕಕ್ಕೆ ಇವೆರಡೂ ಸಂಬಂಧಿಸಿದ್ದಲ್ಲ.

ಕಂಪನಿಯಿಂದ ಒಂದು ಕಾಗದ ಮಾತ್ರ ಈಗಲೇ ಕೇಳಿ ತೆಗೆದುಕೋ: 1994ರಿಂದ ಈಚಿನ ರಜೆ ಖಾತೆಯ ನಕಲು, ವರ್ಷವಾರು, ಸಹಿ ಮೊಹರಿನೊಂದಿಗೆ. 723 ಎಂಬ ಸಂಖ್ಯೆಗೆ ಅದೊಂದೇ ಆಧಾರ. ನಿನ್ನ ಪಟ್ಟಿಯಲ್ಲಿ ಅದನ್ನು ಒಟ್ಟು ಮಾಡಿ ಬರೆದಿದ್ದಾರಷ್ಟೇ. ಅದರಲ್ಲಿ ವೈದ್ಯಕೀಯ ರಜೆಯೋ ಸಾಂದರ್ಭಿಕ ರಜೆಯೋ ತಪ್ಪಿ ಸೇರಿಕೊಂಡಿದ್ದರೆ, ಅಂಥ ಒಂದೊಂದು ದಿನ ತೆಗೆದುಹಾಕಿದಾಗಲೂ ನಿನ್ನ ವಿನಾಯಿತಿ 4,200 ರೂಪಾಯಿ ಏರುತ್ತದೆ.