ಎಚ್ಚರದ ಬೀಗಕ್ಕೆ ಹಾಕುವ ತಡೆ

ಡೋಬರ್ಮನ್ ಜಾತಿಯ ಕೆಲವು ನಾಯಿಗಳು ರುಚಿಯಾದ ತಿನಿಸನ್ನು ಕಂಡು ಹಿಗ್ಗಿದೊಡನೆಯೇ ಕಾಲುಗಳ ಬಲವುಡುಗಿ ಕುಸಿದು ಬೀಳುತ್ತಿದ್ದುವು. ನಾರ್ಕೊಲೆಪ್ಸಿ ಎಂಬ ಈ ನಿದ್ರಾರೋಗವು ಅವುಗಳಿಗೆ ವಂಶಪಾರಂಪರ್ಯವಾಗಿ ಬಂದುದು. 1999ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಇದರ ಕಾರಣವನ್ನು ಕಂಡುಹಿಡಿದರು. ಆರೆಕ್ಸಿನ್ ಎಂಬ ವಸ್ತುವನ್ನು ಬರಮಾಡಿಕೊಳ್ಳುವ ಗ್ರಾಹಕಗಳಲ್ಲೊಂದು ಈ ನಾಯಿಗಳಲ್ಲಿ ಕೆಟ್ಟುಹೋಗಿದ್ದಿತು.

ಆರೆಕ್ಸಿನ್ ಬೆಳಕಿಗೆ ಬಂದುದು ಅದರ ಹಿಂದಿನ ವರ್ಷ, 1998ರಲ್ಲಿ. ಮಿದುಳಿನ ತಳಭಾಗದ ಹೈಪೊಥಲಮಸ್ಸಿನಲ್ಲಿರುವ ಒಂದು ಸಣ್ಣ ಗುಂಪಿನ ನರಕೋಶಗಳು ಇದನ್ನು ತಯಾರಿಸುತ್ತವೆ. ಇವುಗಳ ಎಳೆಗಳು ನಮ್ಮನ್ನು ಎಚ್ಚರವಾಗಿಡುವ ಕೇಂದ್ರಗಳಿಗೆಲ್ಲ ಹರಡಿವೆ. ಆರೆಕ್ಸಿನ್ ಕೀಲಿಕೈ, ಗ್ರಾಹಕ ಬೀಗ. ಕೈ ಬೀಗದೊಳಗೆ ಕೂತಾಗ ಎಚ್ಚರವು ನೆಲೆಗೊಳ್ಳುತ್ತದೆ. ನಿದ್ರೆ ಬಾರದವರಲ್ಲಿ ಈ ಬೀಗಕ್ಕೆ ಒಂದು ರಾತ್ರಿಯ ಮಟ್ಟಿಗೆ ತಡೆಯೊಡ್ಡಿದರೆ? ಈ ಆಲೋಚನೆಯಿಂದ ಹುಟ್ಟಿದ ಮೊದಲನೆಯ ಔಷಧ ಸುವೊರೆಕ್ಸಾಂಟ್. 2014ರಲ್ಲಿ ಅಮೆರಿಕ ಅದಕ್ಕೆ ಅನುಮತಿಯನ್ನಿತ್ತಿತು.

ಡಯಜೆಪಾಮ್, ಜೋಲ್ಪಿಡೆಮ್ ಮೊದಲಾದ ಹಳೆಯ ಗುಳಿಗೆಗಳ ಮಾರ್ಗವೇ ಬೇರೆ. ನರಕೋಶಗಳನ್ನು ಶಾಂತಗೊಳಿಸುವ ಗಾಬಾ ಎಂಬ ವಸ್ತುವಿನ ಪರಿಣಾಮವನ್ನು ಅವು ಹೆಚ್ಚಿಸುತ್ತವೆ. ಗಾಬಾದ ಗ್ರಾಹಕಗಳು ಮಿದುಳಿನ ಬಹುಭಾಗದಲ್ಲಿ ಹರಡಿರುವುದರಿಂದ, ನಿದ್ರೆಯೊಡನೆ ನೆನಪೂ ನಡಿಗೆಯ ಸಮತೋಲನವೂ ಮಂದವಾಗುತ್ತವೆ. ಬಹುಕಾಲ ಸೇವಿಸಿದವರು ಅವನ್ನು ಥಟ್ಟನೆ ನಿಲ್ಲಿಸಿದರೆ ನಿದ್ರಾಹೀನತೆ ಉಲ್ಬಣಿಸಬಹುದು. ಕೆಲವರಿಗೆ ಸೆಳವೂ ಬರಬಹುದು. ಹಳೆಯ ಗುಳಿಗೆ ಮಿದುಳಿಗೆ ಬಿಗಿಯಾದ ಕಡಿವಾಣವನ್ನು ಹಾಕುತ್ತದೆ; ಹೊಸದು ಎಚ್ಚರದ ಒತ್ತಾಸೆಯನ್ನು ಮಾತ್ರ ಹಿಂತೆಗೆಯುತ್ತದೆ.

ಹಾಗೆಂದು ಹೊಸ ಗುಳಿಗೆಯು ನಿರಪಾಯಕರವೇ? ಒಂದು ಲೆಕ್ಕವನ್ನು ಮಾಡಿ ನೋಡೋಣ. ರಕ್ತದಲ್ಲಿರುವ ಸುವೊರೆಕ್ಸಾಂಟ್ ಅರ್ಧಕ್ಕಿಳಿಯಲು ಸುಮಾರು 12 ಗಂಟೆಗಳು ಬೇಕು. ರಾತ್ರಿ 11ಕ್ಕೆ ಗುಳಿಗೆಯನ್ನು ನುಂಗಿದವನು ಬೆಳಿಗ್ಗೆ 7ಕ್ಕೆ ಏಳುತ್ತಾನೆ. ಕಳೆದುದು 8 ಗಂಟೆ. ಔಷಧ ರಕ್ತಕ್ಕೆ ಸೇರಲು ಹಿಡಿಯುವ ಕಾಲವನ್ನು ಗಣಿಸದಿದ್ದರೆ, ಉಳಿದಿರುವ ಪಾಲು ಸುಮಾರು ನೂರಕ್ಕೆ 63. ಎಂದರೆ ಬೀಗದ ತಡೆ ಪೂರ್ತಿಯಾಗಿ ತೆರವಾಗಿಲ್ಲ! ಅನುಮತಿಯ ಪರಿಶೀಲನೆಯಲ್ಲಿ ಹೆಚ್ಚು ಪ್ರಮಾಣವನ್ನು ಒಪ್ಪದೆ, 10 ಮಿಲಿಗ್ರಾಮಿನಿಂದ ಆರಂಭಿಸಿ 20ನ್ನು ಮೀರಬಾರದೆಂದು ವಿಧಿಸಿದುದಕ್ಕೆ ಮರುದಿನದ ಮಂಪರು, ಅದರಲ್ಲಿಯೂ ವಾಹನ ನಡೆಸುವವರಿಗೊದಗುವ ಅಪಾಯವೇ ಮುಖ್ಯ ಕಾರಣ. ಏಳಲು ಕಡೆಯಪಕ್ಷ 7 ಗಂಟೆಗಳಾದರೂ ಉಳಿದಿರುವಾಗ ಮಾತ್ರ ಇದನ್ನು ಸೇವಿಸಬೇಕು, ಮದ್ಯದೊಡನೆ ಸಲ್ಲದು.

ಇನ್ನೊಂದು ಲಕ್ಷಣವೂ ಗಮನಾರ್ಹವಾದುದು. ಕೆಲವರಿಗೆ ಎಚ್ಚರವಾದರೂ ಕೆಲವು ಕ್ಷಣ ಕೈಕಾಲುಗಳನ್ನು ಆಡಿಸಲಾಗುವುದಿಲ್ಲ. ಅಪರೂಪವಾಗಿ ಕಾಲುಗಳು ಸೋತಂತಾಗುವುದೂ ಉಂಟು. ಇದು ನಮಗೆ ಆ ಡೋಬರ್ಮನ್ ನಾಯಿಗಳನ್ನು ನೆನಪಿಗೆ ತರುವುದಿಲ್ಲವೆ? ನಾರ್ಕೊಲೆಪ್ಸಿಯಿರುವ ರೋಗಿಗಳಿಗೆ ಈ ಔಷಧವು ನಿಷಿದ್ಧವಾಗಿರುವುದು ಇದರಿಂದಲೇ: ಆರೆಕ್ಸಿನ್ ಮೊದಲೇ ಕುಂದಿರುವವರಲ್ಲಿ ಉಳಿದುದಕ್ಕೂ ತಡೆಯೊಡ್ಡಬಾರದು.