ಬೇಸಿಗೆ ಶಿಬಿರದ ಶುಲ್ಕ: ಕರಪತ್ರ ಹೇಳದ ಲೆಕ್ಕ

ಮಾರ್ಚ್ ಬಂತೆಂದರೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಬೇಸಿಗೆ ಶಿಬಿರಗಳ ಜಾಹೀರಾತು ಸಾಲುಗಟ್ಟುತ್ತವೆ. ಮನೆಯಲ್ಲಿ ಇಬ್ಬರೂ ಕೆಲಸಕ್ಕೆ ಹೋಗುವವರು, ಮಗಳಿಗೆ ಎಂಟು ವರ್ಷ. ಹಾಗಾಗಿ ಕರಪತ್ರದಲ್ಲಿ ನಾನು ಮೊದಲು ನೋಡುವುದು ಶುಲ್ಕವನ್ನಲ್ಲ, ಶಿಬಿರ ಬಿಡುವ ಹೊತ್ತನ್ನು.

ಕಳೆದ ಬೇಸಿಗೆಯಲ್ಲಿ ಎರಡು ಕರಪತ್ರ ಎದುರಿಗಿದ್ದವು. ಒಂದು, ಚಿತ್ರಕಲಾ ಶಿಕ್ಷಕಿಯೊಬ್ಬರು ತಾವೇ ನಡೆಸುವ ಶಿಬಿರ: ಹತ್ತು ದಿನ, ಬೆಳಗ್ಗೆ 10ರಿಂದ ಮಧ್ಯಾಹ್ನ 1, ಶುಲ್ಕ 4,500 ರೂಪಾಯಿ. ಇನ್ನೊಂದು, ಕರಕುಶಲ ಕೇಂದ್ರದ್ದು: ಅಷ್ಟೇ ದಿನ, 9.30ರಿಂದ 4.30, ಶುಲ್ಕ 7,500. ಮೊದಲನೆಯದೇ ಅಗ್ಗ ಎನಿಸಿತು. ಆದರೆ ಅದರಲ್ಲಿ ಬಣ್ಣ, ಕಾಗದ, ಜೇಡಿಮಣ್ಣಿಗೆಂದು ಬೇರೆ 1,200 ಕೊಡಬೇಕಿತ್ತು. ಒಂದು ಗಂಟೆಗೆ ಮಗುವನ್ನು ಕರೆತರಲು ಆಟೋಗೆ ದಿನಕ್ಕೆ 150, ಸಂಜೆವರೆಗೆ ನೋಡಿಕೊಳ್ಳುವವರಿಗೆ 250. ಹತ್ತು ದಿನಕ್ಕೆ ಅದೇ 4,000. ಒಟ್ಟು 9,700 ಆಯಿತು. ಎರಡನೆಯದರಲ್ಲಿ ಸಾಮಗ್ರಿ ಸೇರಿತ್ತು, ಸಂಜೆ ನಾವೇ ಕರೆತರಬಹುದಿತ್ತು. ವಿಚಾರಿಸಿದಾಗ ಶುಲ್ಕದ ಮೇಲೆ ಶೇ 18ರಷ್ಟು ಜಿಎಸ್‌ಟಿ ಇದೆ ಎಂದರು. ಅದು 1,350. ಅದನ್ನೂ ಸೇರಿಸಿದರೆ 8,850. ಕಲೆಯನ್ನು ಹವ್ಯಾಸವಾಗಿ ಕಲಿಸುವ ಒಬ್ಬ ವ್ಯಕ್ತಿಯ ತರಬೇತಿಗೆ ಜಿಎಸ್‌ಟಿ ವಿನಾಯಿತಿ ಇದೆ. ನೋಂದಾಯಿತ ಸಂಸ್ಥೆಯಾದರೆ ತೆರಿಗೆ ಬೀಳುತ್ತದೆ. ಆದ್ದರಿಂದ ಕರಪತ್ರದ ಮೊತ್ತ ತೆರಿಗೆ ಸೇರಿಯೋ ಅಲ್ಲವೋ ಎಂದು ಮೊದಲೇ ಕೇಳಿ. ಮನೆಯಲ್ಲಿ ಅಜ್ಜಿ ತಾತ ಇದ್ದರೆ ಈ ಲೆಕ್ಕವೇ ತಿರುಗುಮುರುಗಾಗುತ್ತದೆ; ಆಗ ಅರ್ಧ ದಿನದ ಶಿಬಿರವೇ ಲಾಭ.

ಕೊಟ್ಟ ದುಡ್ಡಿಗೆ ಕಲಿಕೆ ದಕ್ಕುತ್ತದೆಯೇ ಎಂದು ತಿಳಿಯಲು ನಾನು ಕೇಳುವುದು ಒಂದೇ ಪ್ರಶ್ನೆ: ಮಣ್ಣಿನ ಕೆಲಸ ಯಾವ ದಿನ? ಮಗು ಮಾಡಿದ ಹಣತೆಯೋ ಕುಡಿಕೆಯೋ ನೆರಳಿನಲ್ಲಿ ನಿಧಾನವಾಗಿ ಒಣಗಲು ಹೆಚ್ಚುಕಡಿಮೆ ಒಂದು ವಾರ ಬೇಕು. ಒಳಗೆ ತೇವ ಉಳಿದಿರುವಾಗಲೇ ಸುಡಲು ಇಟ್ಟರೆ ನೀರು ಆವಿಯಾಗಿ ಉಬ್ಬಿ, ಮಣ್ಣು ಸಿಡಿಯುತ್ತದೆ. ಸುಡದೆ ಹಾಗೇ ಮನೆಗೆ ಕಳಿಸಿದರೆ ನೀರು ಬಿದ್ದ ಕೂಡಲೇ ಕರಗುತ್ತದೆ. ಹಾಗಾಗಿ ತಿಳಿದವರು ಮಣ್ಣನ್ನು ಮೊದಲ ಎರಡು ದಿನವೇ ಕೊಟ್ಟು, ಚಿತ್ರ, ಕೊಲಾಜ್‌ಗಳನ್ನು ಆಮೇಲೆ ಇಟ್ಟುಕೊಳ್ಳುತ್ತಾರೆ. ಕೊನೆಯ ದಿನ ಮಣ್ಣು ಎಂದಿದ್ದರೆ ಸುಡುವ ಯೋಚನೆಯೇ ಇಲ್ಲ ಎಂದರ್ಥ. ಸುಡುವುದಕ್ಕೆ ಬೇರೆ ಶುಲ್ಕವಿದೆಯೇ ಎಂಬುದನ್ನೂ ಆಗಲೇ ಕೇಳಿಕೊಳ್ಳಿ.

ಬೇಗ ಸೇರಿದರೆ ರಿಯಾಯಿತಿ ಎಂಬ ಸಾಲು ಬಹುತೇಕ ಎಲ್ಲ ಕರಪತ್ರಗಳಲ್ಲೂ ಇರುತ್ತದೆ. 7,500ಕ್ಕೆ ಶೇ 10 ಎಂದರೆ 750. ಮಗುವಿಗೆ ಜ್ವರ ಬಂದು ಶಿಬಿರವೇ ತಪ್ಪಿದರೆ ಹೋಗುವುದು ಪೂರ್ತಿ ಹಣ. ಆದ್ದರಿಂದ ಮುಂದಿನ ಬ್ಯಾಚಿಗೆ ಬದಲಿಸಿಕೊಡುತ್ತೇವೆಂದು ರಸೀದಿಯಲ್ಲಿ ಬರೆದುಕೊಡುವವರಿಗೆ ಮಾತ್ರ ನಾನು ಮುಂಗಡ ಪೂರ್ತಿ ಕಟ್ಟುತ್ತೇನೆ. ಉಳಿದವರಲ್ಲಿ ಸೀಟು ಹಿಡಿಯುವಷ್ಟು ಕೊಟ್ಟು, ಬಾಕಿಯನ್ನು ಮೊದಲ ದಿನ ಕೊಡಲು ಒಪ್ಪಿಸುತ್ತೇನೆ.